ನೆತ್ತಿಯ ಮೇಲೆ ತಡವರಿಸುವ ಕ್ಯಾಮೆರಾ

ತಾರಸಿಯ ಮೇಲೆ ನಿಂತು ವಿಮಾನ ನೋಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಪೂರ್ವದ ಕಡೆ ಕಾಣಿಸಿಕೊಂಡದ್ದು ನೇರ ನಿಮ್ಮತ್ತಲೇ ಬರುತ್ತಿದೆ. ಅದು ಹತ್ತಿರವಾದಂತೆ ನೀವು ಕತ್ತನ್ನು ಮೇಲೆತ್ತುತ್ತಾ ಹೋಗುತ್ತೀರಿ. ವಿಮಾನ ನೆತ್ತಿಯ ಮೇಲೆ ಬಂತು, ಕತ್ತು ಇನ್ನು ಹಿಂದಕ್ಕೆ ಬಾಗದು. ಆಗ ಗರ್ರನೆ ಪಶ್ಚಿಮಕ್ಕೆ ತಿರುಗಿ ನಿಂತು, ಈಗ ಕತ್ತನ್ನು ಇಳಿಸುತ್ತಾ ಅದನ್ನು ಕಳಿಸಿಕೊಡುತ್ತೀರಿ. ವಿಮಾನ ಹೋದದ್ದು ನೇರ ಗೆರೆಯಲ್ಲಿ. ಅದು ಎಲ್ಲೂ ತಿರುಗಲಿಲ್ಲ. ಅರ್ಧ ಸುತ್ತು ತಿರುಗಿದ್ದು ನೀವು.

ಕಂಪ್ಯೂಟರ್ ಆಟಗಳಲ್ಲಿ, ವಿಮಾನ ಹಾರಿಸುವ ಸಿಮ್ಯುಲೇಟರ್‌ಗಳಲ್ಲಿ ನಾವು ನೋಡುವ ದೃಶ್ಯವನ್ನು ತೋರಿಸುವುದೂ ಒಂದು ಕ್ಯಾಮೆರಾವೇ. ಗಾಜು, ಲೆನ್ಸು ಯಾವುದೂ ಇಲ್ಲದ, ಬರೀ ಲೆಕ್ಕದ ಕ್ಯಾಮೆರಾ. ಅದಕ್ಕೂ ನೆತ್ತಿಯ ಮೇಲೆ ಇದೇ ಫಜೀತಿ ಬರುತ್ತದೆ. ಯೂನಿಟಿ, ಅನ್‌ರಿಯಲ್‌ನಂಥ ಸಿದ್ಧ ಎಂಜಿನ್ ಬಳಸುವವರಿಗೆ ಇದರ ಬಹುಪಾಲನ್ನು ಬೇರೆಯವರು ಆಗಲೇ ಬಗೆಹರಿಸಿಟ್ಟಿದ್ದಾರೆ. ಆದರೆ ದೃಶ್ಯ ಮೂಡಿಸುವ ಎಂಜಿನ್ನನ್ನೇ ಮೊದಲ ಸಾಲಿನಿಂದ ತಾವೇ ಬರೆಯಲು ಕೂತವರಿಗೆ ಇದು ಸಾಮಾನ್ಯವಾಗಿ ಎರಡನೆಯದೋ ಮೂರನೆಯದೋ ವಾರದಲ್ಲಿ ಎದುರಾಗುತ್ತದೆ. ನನಗೂ ಹಾಗೇ ಆಯಿತು. ನಾನು ಬರೆಯುತ್ತಿದ್ದದ್ದು ಒಂದು ಸಣ್ಣ ಗ್ಲೈಡರ್ ಸಿಮ್ಯುಲೇಟರ್. ಕ್ಯಾಮೆರಾ ಗ್ಲೈಡರಿನ ಮೂಗಿನ ಮೇಲೆ. ನೆಟ್ಟಗೆ ಹಾರಿದರೆ ಸರಿ, ಪಕ್ಕಕ್ಕೆ ತಿರುಗಿದರೂ ಸರಿ. ಮೂಗೆತ್ತಿ ಆಕಾಶದಲ್ಲಿ ಒಂದು ಲೂಪ್ ಹಾಕಲು ಹೋದರೆ ಮಾತ್ರ ನೆತ್ತಿಯ ಹತ್ತಿರ ಪರದೆ ಗಡಗಡ ನಡುಗಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆ ನಡುಕದ ಕಾರಣ ಹುಡುಕುತ್ತಾ ಹೋದಾಗ ತಿಳಿದದ್ದು ಇಲ್ಲಿದೆ.

ಕ್ಯಾಮೆರಾ ಯಾವ ಕಡೆ ನೋಡುತ್ತಿದೆ ಎನ್ನುವುದನ್ನು ಹೇಳಲು ಎಲ್ಲರಿಗೂ ಮೊದಲು ಹೊಳೆಯುವ ದಾರಿ ಮೂರು ಕೋನಗಳದ್ದು. ಹದಿನೆಂಟನೆಯ ಶತಮಾನದ ಸ್ವಿಸ್ ಗಣಿತಜ್ಞ ಲಿಯೋನಾರ್ಡ್ ಆಯ್ಲರ್ ಅವರ ಹೆಸರಿನಲ್ಲಿ ಇವನ್ನು ಆಯ್ಲರ್ ಕೋನಗಳು ಎನ್ನುತ್ತಾರೆ. ನಮ್ಮ ತಲೆಯನ್ನೇ ಉದಾಹರಣೆಗೆ ತೆಗೆದುಕೊಂಡರೆ ಇದು ಸುಲಭ. ‘ಬೇಡ’ ಎಂದು ತಲೆ ಅಲ್ಲಾಡಿಸುತ್ತೇವಲ್ಲ, ಆ ಅಡ್ಡ ತಿರುವಿಗೆ ‘ಯಾ’ ಎಂದು ಹೆಸರು. ಕತ್ತೆತ್ತಿ ಮೇಲೆ, ಬಗ್ಗಿಸಿ ಕೆಳಗೆ ನೋಡುವುದು ಪಿಚ್. ‘ಆಯ್ತಾಯ್ತು’ ಎನ್ನುವಾಗ ನಮ್ಮ ಕಡೆ ತಲೆಯನ್ನು ಎಡ ಭುಜದತ್ತ, ಬಲ ಭುಜದತ್ತ ವಾಲಿಸುತ್ತೇವೆ, ಅದು ರೋಲ್. ಮೂರು ಸಂಖ್ಯೆ ಕೊಟ್ಟರೆ ಯಾವ ನಿಲುವನ್ನಾದರೂ ಹೇಳಬಹುದು. ಪಿಚ್ 20 ಡಿಗ್ರಿ ಎಂದರೆ ಯಾರಿಗೂ ಅರ್ಥವಾಗುತ್ತದೆ. ಈ ಸರಳತೆಯೇ ಈ ಪದ್ಧತಿಯ ಬಲ.

ತೊಡಕು ಎಲ್ಲಿದೆ ಎಂದು ಕಾಣಬೇಕಾದರೆ ಬಳೆಗಳನ್ನು ನೆನೆಸಿಕೊಳ್ಳಿ. ಒಂದು ದೊಡ್ಡ ಬಳೆ, ಅದರೊಳಗೆ ಮಧ್ಯಮ ಗಾತ್ರದ್ದು, ಅದರೊಳಗೆ ಚಿಕ್ಕದು. ಪ್ರತಿಯೊಂದನ್ನೂ ಅದರ ಹೊರಗಿನ ಬಳೆಗೆ ಎದುರುಬದುರಾಗಿ ಎರಡು ಕೀಲು ಹಾಕಿ ಜೋಡಿಸಿದೆ. ತೀರಾ ಒಳಗೆ ಕ್ಯಾಮೆರಾ ಕೂತಿದೆ. ಹೊರಬಳೆ ತಿರುಗಿದರೆ ಯಾ, ನಡುವಿನದು ತಿರುಗಿದರೆ ಪಿಚ್, ಒಳಗಿನದು ತಿರುಗಿದರೆ ರೋಲ್. ಇಂಥ ಜೋಡಣೆಗೇ ಗಿಂಬಲ್ ಎನ್ನುವುದು. ಹಡಗಿನ ದಿಕ್ಸೂಚಿಯನ್ನು ಅಲೆಗಳ ನಡುವೆ ಮಟ್ಟಸವಾಗಿ ಇಡಲು ಬಳಸುತ್ತಿದ್ದದ್ದೂ ಈ ಬಗೆಯ ಬಳೆಗಳನ್ನೇ.

ಈಗ ನಡುಬಳೆಯನ್ನು 90 ಡಿಗ್ರಿ ತಿರುಗಿಸಿ. ಕ್ಯಾಮೆರಾ ನೆಟ್ಟಗೆ ಆಕಾಶ ನೋಡುತ್ತದೆ. ಆ ನಿಲುವಿನಲ್ಲಿ ಒಳಬಳೆಯ ಅಕ್ಷವೂ ಹೊರಬಳೆಯ ಅಕ್ಷವೂ ಒಂದೇ ಗೆರೆಯ ಮೇಲೆ ಬಂದು ಕೂರುತ್ತವೆ. ಹೊರಗಿನದನ್ನು ತಿರುಗಿಸಿದರೂ ಅದೇ ಚಲನೆ, ಒಳಗಿನದನ್ನು ತಿರುಗಿಸಿದರೂ ಅದೇ ಚಲನೆ. ಬಳೆ ಮೂರಿದ್ದರೂ ತಿರುಗುವ ದಾರಿ ಎರಡೇ ಉಳಿಯಿತು. ಇದಕ್ಕೇ ಗಿಂಬಲ್ ಲಾಕ್ ಎಂದು ಹೆಸರು. ಹೆಸರು ಕೇಳಿದರೆ ಏನೋ ಬಿಗಿದುಕೊಂಡಿತು ಅನ್ನಿಸುತ್ತದೆ. ನಿಜವಾಗಿ ಬಳೆಗಳೆಲ್ಲ ಸಲೀಸಾಗಿ ತಿರುಗುತ್ತಿರುತ್ತವೆ. ಕಳೆದುಹೋದದ್ದು ಒಂದು ದಿಕ್ಕು.

ಅಂಕಿಗಳಲ್ಲೂ ಇದನ್ನು ಕಾಣಬಹುದು. ನನ್ನ ಎಂಜಿನ್ನಿನಲ್ಲಿ ಮೊದಲು ಯಾ, ಅದರೊಳಗೆ ಪಿಚ್, ಅದರೊಳಗೆ ರೋಲ್ ಎಂಬ ಕ್ರಮವಿತ್ತು. ಪಿಚ್ 90 ಆದಾಗ ಯಾ 30, ರೋಲ್ 0 ಎಂದು ಕೊಟ್ಟರೂ, ಯಾ 50, ರೋಲ್ 20 ಎಂದು ಕೊಟ್ಟರೂ ಕ್ಯಾಮೆರಾ ನಿಲ್ಲುವ ರೀತಿ ಒಂದೇ. ಅಲ್ಲಿ ಲೆಕ್ಕಕ್ಕೆ ಬರುವುದು ಎರಡರ ವ್ಯತ್ಯಾಸ ಮಾತ್ರ. ಭೂಪಟದಲ್ಲಿ ಉತ್ತರ ಧ್ರುವಕ್ಕೆ ಬಂದಾಗ ಎಲ್ಲ ರೇಖಾಂಶಗಳೂ ಒಂದೇ ಚುಕ್ಕೆಯಲ್ಲಿ ಸೇರಿಬಿಡುತ್ತವಲ್ಲ, ಅದರ ಹಾಗೆ. ಧ್ರುವದಲ್ಲಿ ನಿಂತವನ ರೇಖಾಂಶ ಎಷ್ಟು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಸರಿಯಾಗಿ 90ಕ್ಕೆ ಹೋಗದಿದ್ದರಾಯಿತು ಎಂದು ಬಿಡುವಂತಿಲ್ಲ, ಹತ್ತಿರ ಸುಳಿದರೂ ಸಾಕು. ಪಿಚ್ 89 ಡಿಗ್ರಿಯಲ್ಲಿದ್ದಾಗ ಕ್ಯಾಮೆರಾದ ನೋಟ ನೆತ್ತಿಯ ಸುತ್ತ ಕೇವಲ 1 ಡಿಗ್ರಿ ತ್ರಿಜ್ಯದ ಒಂದು ಪುಟ್ಟ ವೃತ್ತದ ಮೇಲೆ ಓಡಾಡುತ್ತದೆ. ಆ ವೃತ್ತದ ಮೇಲೆ ನೋಟವನ್ನು 1 ಡಿಗ್ರಿಯಷ್ಟು ದೂರ ಸರಿಸಬೇಕೆಂದರೆ ಯಾ ಕೋನ ಸುಮಾರು 60 ಡಿಗ್ರಿ ತಿರುಗಬೇಕು. ತಾರಸಿಯ ಮೇಲೆ ನೀವು ಗರ್ರನೆ ತಿರುಗಿದ್ದು ಇದೇ ಕಾರಣಕ್ಕೆ.

ನಿಜವಾದ ಬಳೆಗಳಿಗೆ ಈ ಗತಿ ಬಂದರೆ ಎಷ್ಟು ದುಬಾರಿಯಾಗುತ್ತದೆ ಎಂದು ತಿಳಿಯಲು ಅಪೋಲೊ ನೌಕೆಗಳನ್ನು ನೋಡಬೇಕು. ಚಂದ್ರನತ್ತ ಹೋದ ಆ ನೌಕೆಗಳಲ್ಲಿ ದಿಕ್ಕನ್ನು ನೆನಪಿಡುತ್ತಿದ್ದದ್ದು ಮೂರು ಗಿಂಬಲ್‌ಗಳ ಮೇಲೆ ಕೂತ ಒಂದು ವೇದಿಕೆ. ನಡುವಿನ ಗಿಂಬಲ್ 70 ಡಿಗ್ರಿ ದಾಟಿದರೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತಿತ್ತು. 85 ದಾಟಿದರೆ ವೇದಿಕೆಯನ್ನು ಇದ್ದಲ್ಲೇ ಹಿಡಿದು ನಿಲ್ಲಿಸಲಾಗುತ್ತಿತ್ತು. ಹಾಗಾದರೆ ನೌಕೆ ತನ್ನ ದಿಕ್ಕನ್ನು ಮರೆತಂತೆಯೇ. ಗಗನಯಾತ್ರಿಗಳು ಮತ್ತೆ ನಕ್ಷತ್ರಗಳನ್ನು ಗುರಿಹಿಡಿದು ನೋಡಿ ದಿಕ್ಕು ಹೊಂದಿಸಬೇಕಿತ್ತು. ಅದಕ್ಕೂ ಮೊದಲಿನ ಜೆಮಿನಿ ನೌಕೆಯಲ್ಲಿ ನಾಲ್ಕು ಗಿಂಬಲ್‌ಗಳಿದ್ದವು. 1969ರಲ್ಲಿ ಅಪೋಲೊ 11ರಲ್ಲಿ ಹೋಗಿದ್ದ ಮೈಕೆಲ್ ಕಾಲಿನ್ಸ್, ಕ್ರಿಸ್‌ಮಸ್‌ಗೆ ನನಗೊಂದು ನಾಲ್ಕನೆಯ ಗಿಂಬಲ್ ಕಳಿಸಿಕೊಡಿ ಎಂದು ಭೂಮಿಯವರನ್ನು ಕೇಳಿದ್ದು ಆ ಕಾರ್ಯಕ್ರಮದ ದಾಖಲೆಯಲ್ಲಿದೆ.

ನನ್ನ ಗ್ಲೈಡರಿಗೆ ಬರುತ್ತೇನೆ. ಪರದೆ ಏಕೆ ನಡುಗುತ್ತದೆ ಎಂದು ಪ್ರತಿ ಫ್ರೇಮಿನಲ್ಲೂ ಮೂರು ಕೋನಗಳನ್ನು ಬರೆಸಿ ನೋಡಿದೆ. ನನ್ನ ಪ್ರೋಗ್ರಾಂ ಪ್ರತಿ ಫ್ರೇಮಿನಲ್ಲಿ ಮಾಡುತ್ತಿದ್ದದ್ದು ಇಷ್ಟು: ಕ್ಯಾಮೆರಾದ ಈಗಿನ ನಿಲುವಿನಿಂದ ಮೂರು ಕೋನ ತೆಗೆಯುವುದು, ಪಿಚ್‌ಗೆ 3 ಡಿಗ್ರಿ ಸೇರಿಸುವುದು, ಮೂರು ಕೋನಗಳಿಂದ ಮತ್ತೆ ನಿಲುವನ್ನು ಕಟ್ಟುವುದು. 88 ಇದ್ದ ಪಿಚ್ 91 ಆಯಿತು. ಅಲ್ಲಿಯವರೆಗೆ ಸರಿಯೇ, ಕ್ಯಾಮೆರಾ ನೆತ್ತಿ ದಾಟಿ ಹಿಂದಕ್ಕೆ ವಾಲಿದೆ. ಮುಂದಿನ ಫ್ರೇಮಿನಲ್ಲಿ ಕೋನಗಳನ್ನು ತೆಗೆದರೆ ಪಿಚ್ 91 ಎಂದು ಬರಲೇ ಇಲ್ಲ. 89 ಎಂದು ಬಂತು, ಜೊತೆಗೆ ಯಾ 180, ರೋಲ್ 180. ಇದು ತಪ್ಪು ಉತ್ತರವಲ್ಲ. ಕೋನ ತೆಗೆಯುವ ಸೂತ್ರದಲ್ಲಿ ಪಿಚ್ ಯಾವಾಗಲೂ -90ರಿಂದ 90ರ ಒಳಗೇ ಇರುತ್ತದೆ. ಹಾಗಾಗಿ ನೆತ್ತಿ ದಾಟಿ 1 ಡಿಗ್ರಿ ಹಿಂದಕ್ಕೆ ಎನ್ನುವುದನ್ನು ಅದು ‘ಹಿಂತಿರುಗಿ ನಿಂತು, ತಲೆಕೆಳಗಾಗಿ, 89 ಡಿಗ್ರಿ ಮೇಲೆ ನೋಡು’ ಎಂದು ಹೇಳುತ್ತದೆ. ಎರಡೂ ಒಂದೇ ನಿಲುವು. ಆದರೆ ನಾನು ಆ 89ಕ್ಕೆ 3 ಸೇರಿಸಿದಾಗ ಅದು 92 ಆಗಿ, ಹಿಂತಿರುಗಿ ತಲೆಕೆಳಗಾದ ಲೆಕ್ಕದಲ್ಲಿ ಮತ್ತೆ ಈಚೆ ಬದಿಯ 88ಕ್ಕೇ ಬಂದು ನಿಂತಿತು. ಅದಕ್ಕೆ 3 ಸೇರಿಸಿದರೆ ಮತ್ತೆ 91. ಹೀಗೆ 91, 88, 91, 88 ಎಂದು ಕ್ಯಾಮೆರಾ ನೆತ್ತಿಯ ಎರಡೂ ಬದಿಗೆ ಎಗರುತ್ತಿತ್ತು. ಪರದೆಯ ನಡುಕ ಎಂದರೆ ಇದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆ ಹೊತ್ತಿಗೆ ನನ್ನ ಪ್ರೋಗ್ರಾಂನಲ್ಲಿ ಕ್ವಾಟರ್ನಿಯನ್ ಆಗಲೇ ಇತ್ತು. ಗಿಂಬಲ್ ಲಾಕ್‌ಗೆ ಕ್ವಾಟರ್ನಿಯನ್ ಮದ್ದು ಎಂದು ಓದಿ ಅದನ್ನು ತಂದು ಹಾಕಿದ್ದೆ. ಆದರೆ ಕೂಡುವ ಕೆಲಸ ಕೋನಗಳಲ್ಲೇ ನಡೆಯುತ್ತಿತ್ತು, ಕೊನೆಯಲ್ಲಿ ಮಾತ್ರ ಕ್ವಾಟರ್ನಿಯನ್‌ಗೆ ಬದಲಾಗುತ್ತಿತ್ತು. ಅದರಿಂದ ಏನೂ ಪ್ರಯೋಜನವಿಲ್ಲ. ಮೂರು ಕೋನಗಳಲ್ಲಿ ಕಳೆದುಹೋದ ದಿಕ್ಕು ಬೇರೆ ರೂಪಕ್ಕೆ ಹಾಕಿದ ಮಾತ್ರಕ್ಕೆ ಮರಳಿ ಬರುವುದಿಲ್ಲ. ಎರಡು ಫ್ರೇಮ್‌ಗಳ ನಡುವೆ ನಿಲುವನ್ನು ಯಾವ ರೂಪದಲ್ಲಿ ಇಟ್ಟುಕೊಳ್ಳುತ್ತೀರಿ, ಹೊಸ ತಿರುವನ್ನು ಯಾವ ರೂಪದಲ್ಲಿ ಸೇರಿಸುತ್ತೀರಿ ಎನ್ನುವುದೇ ಎಲ್ಲ.

ಹಾಗಾದರೆ ಕ್ವಾಟರ್ನಿಯನ್ ಎಂದರೇನು? ಐರ್ಲೆಂಡಿನ ವಿಲಿಯಂ ರೋವನ್ ಹ್ಯಾಮಿಲ್ಟನ್ ಮೂರು ಸಂಖ್ಯೆಗಳ ಗುಂಪುಗಳನ್ನು ಒಂದಕ್ಕೊಂದು ಗುಣಿಸುವ ದಾರಿಯನ್ನು ವರ್ಷಗಟ್ಟಲೆ ಹುಡುಕಿ ಸೋತಿದ್ದರು. 1843ರ ಅಕ್ಟೋಬರ್ 16ರಂದು ಹೆಂಡತಿಯ ಜೊತೆ ಡಬ್ಲಿನ್‌ನ ರಾಯಲ್ ಕಾಲುವೆಯ ದಂಡೆಯ ಮೇಲೆ ನಡೆದು ಹೋಗುವಾಗ, ಮೂರು ಸಾಲದು, ನಾಲ್ಕು ಬೇಕು ಎಂದು ಹೊಳೆಯಿತು. ಆ ನಿಯಮವನ್ನು ಅಲ್ಲೇ ಸೇತುವೆಯ ಕಲ್ಲಿನ ಮೇಲೆ ಚಾಕುವಿನಿಂದ ಕೆತ್ತಿದರು. ಆ ಗೀರು ಈಗ ಉಳಿದಿಲ್ಲ. ಅದನ್ನು ನೆನಪಿಸುವ ಫಲಕ ಸೇತುವೆಯ ಮೇಲಿದೆ.

ಕ್ಯಾಮೆರಾದ ಮಟ್ಟಿಗೆ ಅದನ್ನು ಹೀಗೆ ತಿಳಿದರೆ ಸಾಕು. ಯಾವುದೇ ತಿರುವನ್ನು ‘ಈ ಅಕ್ಷದ ಸುತ್ತ ಇಷ್ಟು ಡಿಗ್ರಿ’ ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಇದನ್ನು ತೋರಿಸಿಕೊಟ್ಟವರೂ ಆಯ್ಲರ್ ಅವರೇ. ಆ ಅಕ್ಷ ಮತ್ತು ಕೋನವನ್ನು ನಾಲ್ಕು ಸಂಖ್ಯೆಗಳಲ್ಲಿ ಕಟ್ಟಿಡುವ ಬಗೆ ಕ್ವಾಟರ್ನಿಯನ್. ಮೊದಲನೆಯದು ಅರ್ಧ ಕೋನದ ಕೊಸೈನ್. ಉಳಿದ ಮೂರು, ಅಕ್ಷದ ಮೂರು ಅಂಶಗಳನ್ನು ಅರ್ಧ ಕೋನದ ಸೈನ್‌ನಿಂದ ಗುಣಿಸಿದ್ದು. ನೆಟ್ಟಗೆ ನಿಂತ ಅಕ್ಷದ ಸುತ್ತ 90 ಡಿಗ್ರಿ ತಿರುಗಬೇಕೇ? ಅರ್ಧ ಎಂದರೆ 45. ಅದರ ಸೈನ್, ಕೊಸೈನ್ ಎರಡೂ 0.7071. ಆದ್ದರಿಂದ ಕ್ವಾಟರ್ನಿಯನ್ (0.7071, 0, 0.7071, 0). ಅದನ್ನು ಅದರಿಂದಲೇ ಗುಣಿಸಿದರೆ (0, 0, 1, 0) ಬರುತ್ತದೆ. ಕೊಸೈನ್ 0 ಎಂದರೆ ಅರ್ಧ ಕೋನ 90, ಪೂರ್ತಿ ಕೋನ 180. ಎರಡು ಕಾಲು ಸುತ್ತು ಸೇರಿ ಅರ್ಧ ಸುತ್ತಾಯಿತು. ತಿರುವಿನ ಮೇಲೆ ತಿರುವು ಎಂದರೆ ಇಲ್ಲಿ ಬರೀ ಗುಣಾಕಾರ. ನಡುವೆ ಬಳೆಗಳಿಲ್ಲ, ಯಾವುದು ಒಳಗೆ ಯಾವುದು ಹೊರಗೆ ಎಂಬುದಿಲ್ಲ. ನೆತ್ತಿಗೆ ಇಲ್ಲಿ ಯಾವ ವಿಶೇಷವೂ ಇಲ್ಲ, ಅದೂ ಎಲ್ಲ ದಿಕ್ಕುಗಳ ಹಾಗೆ ಒಂದು ದಿಕ್ಕು.

ಮೂರರಲ್ಲೇ ಮುಗಿಸಲು ಆಗದೇ ಎಂದು ಕೇಳಬಹುದು. ಆಗದು. ಬರೀ ಮೂರು ಸಂಖ್ಯೆಗಳಿಂದ ಎಲ್ಲ ನಿಲುವುಗಳನ್ನೂ ಹೇಳುವ ಯಾವ ಪದ್ಧತಿಯಲ್ಲೂ ಎಲ್ಲೋ ಒಂದೆಡೆ ಇಂಥ ಧ್ರುವ ಇದ್ದೇ ಇರುತ್ತದೆ ಎಂದು ಗಣಿತ ಸಾಧಿಸಿ ತೋರಿಸಿದೆ. ಕೋನಗಳ ಕ್ರಮ ಬದಲಿಸಿದರೆ ಅದು ಬೇರೆಡೆಗೆ ಸರಿಯುತ್ತದೆ, ಹೋಗುವುದಿಲ್ಲ.

ನನ್ನ ಗ್ಲೈಡರ್ ಕ್ಯಾಮೆರಾದಲ್ಲಿ ಕೊನೆಗೆ ಉಳಿದದ್ದು ಈ ಮೂರು ಸಾಲು. ಬರೆದದ್ದು ಸಿ++ನಲ್ಲಿ, GLM ಎಂಬ ಗಣಿತದ ಲೈಬ್ರರಿ ಬಳಸಿ:

```
glm::quat dYaw   = glm::angleAxis(-dx, glm::vec3(0, 1, 0));
glm::quat dPitch = glm::angleAxis(-dy, glm::vec3(1, 0, 0));
orientation = glm::normalize(orientation * dYaw * dPitch);
```

ಇಲ್ಲಿ `dx`, `dy` ಎಂದರೆ ಈ ಒಂದು ಫ್ರೇಮಿನಲ್ಲಿ ಆದ ಪುಟ್ಟ ತಿರುವುಗಳು, ರೇಡಿಯನ್‌ಗಳಲ್ಲಿ. ಅವೆರಡನ್ನೂ ಪುಟ್ಟ ಕ್ವಾಟರ್ನಿಯನ್‌ಗಳಾಗಿ ಮಾಡಿ, ಹಳೆಯ ನಿಲುವಿಗೆ ಗುಣಿಸಿದ್ದಷ್ಟೇ. ಒಟ್ಟು ಯಾ ಎಷ್ಟು, ಒಟ್ಟು ಪಿಚ್ ಎಷ್ಟು ಎಂದು ಎಲ್ಲೂ ಬರೆದಿಟ್ಟಿಲ್ಲ, ಎಲ್ಲೂ ಹಿಂದಕ್ಕೆ ತೆಗೆಯುವುದಿಲ್ಲ. `normalize` ಏಕೆಂದರೆ, ತಿರುವನ್ನು ಸೂಚಿಸುವ ಕ್ವಾಟರ್ನಿಯನ್‌ನ ನಾಲ್ಕು ಸಂಖ್ಯೆಗಳ ವರ್ಗಗಳ ಮೊತ್ತ 1 ಇರಬೇಕು. ಸಾವಿರಾರು ಗುಣಾಕಾರಗಳಲ್ಲಿ ದಶಮಾಂಶದ ಕೊನೆಯ ಅಂಕಿಗಳು ಸವೆಯುತ್ತಾ ಅದು ಒಂದರಿಂದ ಸರಿಯುತ್ತದೆ. ಇದನ್ನು ಮರೆತರೆ ಆಟ ಶುರುವಾದಾಗ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಬಹಳ ಹೊತ್ತು ಓಡಿದ ಮೇಲೆ ದೃಶ್ಯದ ಅಳತೆ ನಿಧಾನವಾಗಿ ಕೆಡುತ್ತದೆ.

ಇನ್ನೊಂದು ತಪ್ಪು ನಾಲ್ಕು ಸಂಖ್ಯೆಗಳ ಕ್ರಮದ್ದು. GLMನಲ್ಲಿ ಕ್ವಾಟರ್ನಿಯನ್ ಕಟ್ಟುವಾಗ ಸಾಮಾನ್ಯವಾಗಿ ಕೊಸೈನ್ ಭಾಗವನ್ನು ಮೊದಲು ಕೊಡಬೇಕು. ಮೂರು ಆಯಾಮದ ಮಾದರಿಗಳನ್ನು ಇಡುವ glTF ಕಡತಗಳಲ್ಲಿ ಅದು ಕೊನೆಯಲ್ಲಿರುತ್ತದೆ. ಅದಲುಬದಲಾದರೆ ಗುರುತು ಹಿಡಿಯುವುದು ಸುಲಭ. ಏನೂ ತಿರುಗದ ನಿಲುವು 180 ಡಿಗ್ರಿ ತಿರುಗಿದ ನಿಲುವಾಗಿಬಿಡುತ್ತದೆ. ಏನೂ ಮುಟ್ಟದೆಯೇ ಇಡೀ ದೃಶ್ಯ ಬುಡಮೇಲಾಗಿ ಕಂಡರೆ ಮೊದಲು ಈ ಕ್ರಮವನ್ನು ನೋಡಿ.

ಇಷ್ಟಾದ ಮೇಲೆ ಗ್ಲೈಡರ್ ಲೂಪ್ ಹಾಕಿತು. ಅದೇ ಕ್ಯಾಮೆರಾವನ್ನು ನೆಲದ ಮೇಲೆ ನಡೆದಾಡುವ ಪಾತ್ರಕ್ಕೆ ಹಾಕಿದಾಗ ಮಾತ್ರ ಬೇರೊಂದು ತೊಂದರೆ ಕಂಡಿತು. ಮೌಸನ್ನು ಮೇಲಕ್ಕೆ, ಎಡಕ್ಕೆ, ಕೆಳಕ್ಕೆ, ಬಲಕ್ಕೆ ಹತ್ತು ಹತ್ತು ಡಿಗ್ರಿಯಂತೆ ಆಡಿಸಿ ಶುರು ಮಾಡಿದಲ್ಲಿಗೇ ತಂದರೂ ಕ್ಷಿತಿಜ ಸುಮಾರು ಒಂದೂಮುಕ್ಕಾಲು ಡಿಗ್ರಿ ವಾಲಿರುತ್ತಿತ್ತು. ಹತ್ತು ಸಲ ಹಾಗೆ ಮಾಡಿದರೆ ಹದಿನೇಳು ಡಿಗ್ರಿ. ಮೌಸನ್ನು ವೃತ್ತಾಕಾರವಾಗಿ ಆಡಿಸುತ್ತಾ ಹೋದರೆ ಲೋಕವೇ ಪಕ್ಕಕ್ಕೆ ಉರುಳುತ್ತದೆ. ಇದು ಕ್ವಾಟರ್ನಿಯನ್‌ನ ದೋಷವಲ್ಲ. ತಿರುವುಗಳ ಸ್ವಭಾವವೇ ಹಾಗೆ, ಕ್ರಮ ಬದಲಾದರೆ ಫಲ ಬದಲಾಗುತ್ತದೆ. ವಿಮಾನಕ್ಕೆ ಅದು ಸರಿಯೂ ಹೌದು. ನೆಲದ ಮೇಲೆ ನಿಂತವನಿಗೆ ಮಾತ್ರ ತಲೆಸುತ್ತು.

ನೆಲದ ಮೇಲಿನ ಕ್ಯಾಮೆರಾಕ್ಕೆ ಪರಿಹಾರ, ಅಡ್ಡ ತಿರುವನ್ನು ಲೋಕದ ನೆಟ್ಟನೆಯ ಅಕ್ಷದ ಸುತ್ತ ಮಾಡುವುದು, ಮೇಲು-ಕೆಳಗನ್ನು ಕ್ಯಾಮೆರಾದ ಅಕ್ಷದ ಸುತ್ತ ಮಾಡುವುದು. ಬದಲಾಗುವುದು ಒಂದೇ ಸಾಲು, `dYaw` ಎಡಕ್ಕೆ ಬರುತ್ತದೆ:

```
orientation = glm::normalize(dYaw * orientation * dPitch);
```

ಆದರೂ ಇಂಥ ಕ್ಯಾಮೆರಾಕ್ಕೆ ಎರಡೇ ಕೋನ ಇಟ್ಟುಕೊಳ್ಳುವುದು ಹೆಚ್ಚು ಸರಿ ಎಂಬುದು ನನ್ನ ಅಭಿಪ್ರಾಯ. ಯಾ ಒಂದು, ಪಿಚ್ ಒಂದು, ಪಿಚ್‌ಗೆ 89 ಡಿಗ್ರಿಯ ಕಡಿವಾಣ. ಮನುಷ್ಯನ ಕತ್ತೇ ಅಲ್ಲಿಂದಾಚೆ ಬಾಗುವುದಿಲ್ಲ. ರೋಲ್ ಬೇಕೇ ಇಲ್ಲದ ಕಡೆ ರೋಲ್ ಕಳೆದುಹೋಗುವ ಭಯವೂ ಇಲ್ಲ. ಇಲ್ಲಿ ಕ್ವಾಟರ್ನಿಯನ್ ತಂದರೆ ಪಿಚ್‌ಗೆ ಮಿತಿ ಹಾಕುವ ಕೆಲಸವೇ ಕಷ್ಟವಾಗುತ್ತದೆ, ಮಿತಿ ನೋಡಲು ಕೋನ ಬೇಕಲ್ಲ. 89ರ ಕಡಿವಾಣವನ್ನು ಮಾತ್ರ ಬಿಡಬೇಡಿ. `lookAt` ಫಂಕ್ಷನ್ ನೋಟದ ದಿಕ್ಕು ಮತ್ತು ‘ಮೇಲೆ’ ಎಂಬ ದಿಕ್ಕಿನಿಂದ ಬಲಬದಿ ಯಾವುದು ಎಂದು ಲೆಕ್ಕ ಹಾಕುತ್ತದೆ. ಎರಡೂ ಒಂದೇ ಆದಾಗ ಬಲಬದಿ ಸೊನ್ನೆಯಾಗುತ್ತದೆ, ಸೊನ್ನೆಯಿಂದ ಭಾಗಿಸಿದ ಫಲ `NaN` ಎಂದು ಬಂದು ಪರದೆ ಖಾಲಿಯಾಗುತ್ತದೆ. ಕೋಡಿನಲ್ಲಿ ಕ್ವಾಟರ್ನಿಯನ್ ಇದ್ದೂ ಕೊನೆಯಲ್ಲಿ `(0, 1, 0)` ಎಂಬ ಸ್ಥಿರ ‘ಮೇಲೆ’ ಕೊಟ್ಟು `lookAt` ಕರೆದರೆ ಹಳೆಯ ತೊಂದರೆ ಹಿಂಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ. ಹಾರುವ ಕ್ಯಾಮೆರಾದಲ್ಲಿ ಅದನ್ನು ಕರೆಯದೆ, ನಿಲುವಿನ ಕ್ವಾಟರ್ನಿಯನ್ನನ್ನೇ ತಿರುವುಮುರುವು ಮಾಡಿ ಮ್ಯಾಟ್ರಿಕ್ಸ್ ಕಟ್ಟಬೇಕು:

```
glm::mat4 view = glm::mat4_cast(glm::conjugate(orientation))
               * glm::translate(glm::mat4(1.0f), -position);
```

ಒಂದು ದೃಶ್ಯದಿಂದ ಇನ್ನೊಂದಕ್ಕೆ ಕ್ಯಾಮೆರಾ ನಯವಾಗಿ ತೇಲಿ ಹೋಗಬೇಕಾದಲ್ಲಿ ಕ್ವಾಟರ್ನಿಯನ್‌ಗೆ ಸಾಟಿಯಿಲ್ಲ. 1985ರಲ್ಲಿ ಕೆನ್ ಶೂಮೇಕ್ ಕಂಪ್ಯೂಟರ್ ಗ್ರಾಫಿಕ್ಸ್ ಜಗತ್ತಿಗೆ ಪರಿಚಯಿಸಿದ `slerp` ಎರಡು ನಿಲುವುಗಳ ನಡುವೆ ಒಂದೇ ವೇಗದಲ್ಲಿ ಸಾಗುತ್ತದೆ. ಕೋನಗಳನ್ನು ಒಂದೊಂದಾಗಿ ಬೆರೆಸಿದರೆ ಕ್ಯಾಮೆರಾ ಒಂದೆಡೆ ಓಡಿ, ಇನ್ನೊಂದೆಡೆ ತೂಕಡಿಸುತ್ತದೆ. ಇಲ್ಲಿ ನೆನಪಿಡಬೇಕಾದ ಮಾತೊಂದಿದೆ. ಒಂದು ಕ್ವಾಟರ್ನಿಯನ್ನೂ ಅದರ ನಾಲ್ಕೂ ಅಂಕಿಗಳ ಚಿಹ್ನೆ ಬದಲಿಸಿದ್ದೂ ಒಂದೇ ನಿಲುವನ್ನು ಹೇಳುತ್ತವೆ. `slerp` ಅನ್ನು ನೀವೇ ಬರೆಯುವುದಾದರೆ, ಎರಡರ ಡಾಟ್ ಗುಣಲಬ್ಧ ಋಣವಾಗಿ ಬಂದಾಗ ಒಂದರ ಚಿಹ್ನೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಕ್ಯಾಮೆರಾ ಹತ್ತಿರದ ದಾರಿ ಬಿಟ್ಟು ಊರೆಲ್ಲ ಸುತ್ತಿ ಬರುತ್ತದೆ.

ನೀವು ಎಂಜಿನ್ ಬರೆಯುತ್ತಿದ್ದರೆ ಇವತ್ತೇ ಒಂದು ಪರೀಕ್ಷೆ ಮಾಡಿ ನೋಡಿ. ಕ್ಯಾಮೆರಾವನ್ನು ನೆತ್ತಿಯತ್ತ ಎತ್ತಿ ನಿಲ್ಲಿಸಿ ಮೌಸನ್ನು ನಿಧಾನವಾಗಿ ಅಡ್ಡಕ್ಕೆ ಎಳೆಯಿರಿ. ಹಾರುವ ಕ್ಯಾಮೆರಾ ಆಗಿದ್ದರೆ ನೋಟ ನೆತ್ತಿಯಿಂದ ಪಕ್ಕಕ್ಕೆ ಜಾರಬೇಕು. ಆಕಾಶ ಬಿಸಣಿಗೆಯ ಹಾಗೆ ಇದ್ದಲ್ಲೇ ಸುತ್ತಿದರೆ ನಿಮ್ಮ ಕೋಡಿನಲ್ಲಿ ಎಲ್ಲೋ ಮೂರು ಕೋನಗಳು ಇನ್ನೂ ಕೂತಿವೆ.